ನೇಮಕಾತಿಯ ಚಾರ್ಟಿನಲ್ಲಿ ಸೋರುವ ಜಾಗ ಯಾವುದು?

ಆಡಳಿತ ಮಂಡಳಿಯ ಮುಂದೆ ನೇಮಕಾತಿಯ ಫನೆಲ್ ಚಾರ್ಟ್ ಹಿಡಿದು ನಿಲ್ಲಬೇಕಾದವರಿಗೆ ಈ ಮಾತು. ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಗೆ ಐಟಿಐ ಫಿಟ್ಟರ್‌ಗಳು ಬೇಕು ಎಂದುಕೊಳ್ಳಿ. ಅಂಕಿಗಳು ವಿವರಣೆಗಾಗಿ ನಾನೇ ಇಟ್ಟುಕೊಂಡವು. ಅರ್ಜಿ ಹಾಕಿದವರು 600, ಅರ್ಹರೆಂದು ಪರೀಕ್ಷೆಗೆ ಕರೆದದ್ದು 300, ಬಂದವರು 180, ಪಾಸಾದವರು 90, ಸಂದರ್ಶನ ಮುಗಿದು ಆಫರ್ ಲೆಟರ್ ಪಡೆದವರು 60, ಕೆಲಸಕ್ಕೆ ಸೇರಿದವರು 36. ಮಂಡಳಿಯ ಕಣ್ಣು ಮೊದಲು ಹೋಗುವುದು ಮೇಲಿನ ದೊಡ್ಡ ಕುಸಿತದ ಕಡೆಗೆ, ಒಂದೇ ಏಟಿಗೆ 300 ಜನ ಹೋದರಲ್ಲ ಎಂದು. ಆದರೆ ಅಲ್ಲಿ ಕೈಬಿಟ್ಟವರು ನಾವು. ಜರಡಿ ಹಿಡಿಯುವುದೇ ಆ ಹಂತದ ಕೆಲಸ. ಅವರಾಗಿಯೇ ನಮ್ಮನ್ನು ಬಿಟ್ಟುಹೋದದ್ದು ಎರಡು ಕಡೆ: ಕರೆದರೂ ಪರೀಕ್ಷೆಗೆ ಬಾರದ 120 ಜನ, ಆಫರ್ ಕೈಯಲ್ಲಿದ್ದೂ ಸೇರದ 24 ಜನ. ಚಾರ್ಟಿನಲ್ಲಿ ಈ ಎರಡಕ್ಕೆ ಬೇರೆ ಬಣ್ಣ ಕೊಡಿ. ಇನ್ನೂ ನಿರ್ಧಾರವಾಗದ ಅರ್ಜಿಗಳನ್ನು ಹೋದವರ ಲೆಕ್ಕಕ್ಕೆ ಸೇರಿಸಬೇಡಿ. ಹಾಗೆ ಸೇರಿಸಿದರೆ ಈ ತಿಂಗಳ ಚಾರ್ಟ್ ಯಾವಾಗಲೂ ಕೆಟ್ಟದಾಗಿಯೇ ಕಾಣುತ್ತದೆ.

ಇವೆರಡರಲ್ಲಿ ಕೊನೆಯ 24 ಚಿಕ್ಕ ಅಂಕಿಯಾದರೂ ದುಬಾರಿಯದು, ಏಕೆಂದರೆ ಪರೀಕ್ಷೆ, ಸಂದರ್ಶನಗಳ ಖರ್ಚೆಲ್ಲ ಅವರ ಮೇಲೆ ಆಗಿಹೋಗಿದೆ. ಆ 60 ಆಫರ್‌ಗಳನ್ನು ಊರುವಾರು ಬಿಡಿಸಿ ನೋಡಿ. ತುಮಕೂರು ನಗರ, ಗುಬ್ಬಿ, ಕುಣಿಗಲ್ ಮೂರಕ್ಕೂ ತಲಾ 20 ಹೋಗಿದ್ದು, ಸೇರಿದವರು ಕ್ರಮವಾಗಿ 16, 14 ಮತ್ತು 6 ಎಂದಾದರೆ, ಸಂಬಳವೊಂದೇ ಕಾರಣವೆಂದು ಹೇಳಲಾಗದು. ಮೂರು ಊರಿಗೂ ಸಂಬಳ ಒಂದೇ. ಕುಣಿಗಲ್ ತುಮಕೂರಿನ ದಕ್ಷಿಣಕ್ಕಿದೆ, ವಸಂತನರಸಾಪುರ ಉತ್ತರಕ್ಕೆ. ಸೆಕೆಂಡ್ ಶಿಫ್ಟ್ ಮುಗಿಸಿದವರು ರಾತ್ರಿ ಇಡೀ ನಗರ ದಾಟಿ ಊರು ಸೇರಬೇಕು. ಮೇಲಾಗಿ ಕುಣಿಗಲ್ ತಾಲ್ಲೂಕಿನಲ್ಲೇ ಅಂಚೇಪಾಳ್ಯ ಕೈಗಾರಿಕಾ ಪ್ರದೇಶವಿದೆ, ಕೆಲಸ ಅಲ್ಲೇ ಸಿಗಬಹುದು.

ಇಪ್ಪತ್ತು ಜನರಿಂದ ಏನು ತೀರ್ಮಾನಿಸುತ್ತೀರಿ ಎಂದು ಸದಸ್ಯರೊಬ್ಬರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಸೋರುವ ಜಾಗವನ್ನಷ್ಟೇ ಚಾರ್ಟ್ ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ಬಸ್ಸಿನ ತೊಂದರೆಯೋ, ಆಫರ್ ತಡವಾಯಿತೋ ಎಂಬುದು ಸೇರದ ಕುಣಿಗಲ್‌ನ ಆ 14 ಜನರಿಗೆ ಫೋನ್ ಮಾಡಿ ಕೇಳಿದರೆ ಮಾತ್ರ ತಿಳಿಯುತ್ತದೆ. ಜಾಹೀರಾತು ಹೆಚ್ಚಿಸಿ ಅರ್ಜಿ ಜಾಸ್ತಿ ತರಿಸೋಣ ಎಂಬುದು ಇನ್ನೊಂದು ಆಕ್ಷೇಪ. ಈಗ ನೂರು ಅರ್ಜಿಗೆ ಆರು ಜನ ಸೇರುತ್ತಿದ್ದಾರೆ; ಇನ್ನೂ ಎಂಟು ಜನ ಬೇಕಾದರೆ ಸುಮಾರು 133 ಅರ್ಜಿ ಹೆಚ್ಚಿಗೆ ಬೇಕು, ಪರೀಕ್ಷೆ ಸಂದರ್ಶನಗಳ ಹೊರೆಯೂ ಅಷ್ಟೇ ಏರುತ್ತದೆ. ಕುಣಿಗಲ್‌ನವರು ಗುಬ್ಬಿಯವರಷ್ಟೇ ಸೇರಿದರೆ ಅದೇ ಎಂಟು ಜನ ಹೊಸ ಅರ್ಜಿಯಿಲ್ಲದೆ ಸಿಗುತ್ತಾರೆ. ಆದ್ದರಿಂದ ಮಂಡಳಿಯ ಮುಂದೆ ಜಾಹೀರಾತಿನ ಹಣ ಕೇಳಬೇಡಿ. ಫೋನ್ ಕರೆಗಳಲ್ಲಿ ಬಸ್ಸೇ ಕಾರಣವೆಂದು ಬಂದರೆ, ಮೂರು ತಿಂಗಳ ಮಟ್ಟಿಗೆ ಕುಣಿಗಲ್‌ಗೆ ರಾತ್ರಿಯ ಒಂದು ವಾಹನ ಕೇಳಿ, ಮುಂದಿನ ಬ್ಯಾಚಿನ ಚಾರ್ಟನ್ನು ಇದರ ಪಕ್ಕದಲ್ಲಿಟ್ಟು ತೋರಿಸಿ.