ಬೆಳ್ಳಿಯೋ? ಬೆಳ್ಳಿ ನೀರೋ?

(ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಸಂಜೆ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹೋದ ವಾರ ನಮ್ಮ ಕೇಂದ್ರಕ್ಕೆ ಒಬ್ಬ ಅಕ್ಕ ಬಂದರು. ಅವರ ತವರು ಶಿಕಾರಿಪುರದ ಕಡೆ. ಬಟ್ಟೆಯ ಗಂಟಿನಲ್ಲಿ ಮೂರು ಸಾಮಾನು ತಂದಿದ್ದರು. ಒಂದು ಆರತಿ ತಟ್ಟೆ, ಒಂದು ಚಮಚ, ಒಂದು ಬಟ್ಟಲು. ಮೂರೂ ಅವರ ಅತ್ತೆ ಬಿಟ್ಟುಹೋದವು. ಮೂರೂ ಕಪ್ಪಾಗಿದ್ದವು.

"ಅಕ್ಕೋರೇ, ಸ್ಟೀಲ್ ಪಾತ್ರೆ ಮಾರೋನು ಬಂದಿದ್ದ. ಇವು ಬೆಳ್ಳಿ ಅಲ್ಲ, ಮೂರಕ್ಕೂ ಸೇರಿಸಿ ಒಂದು ಸ್ಟೀಲ್ ಕೊಡ ಕೊಡ್ತೀನಿ ಅಂದ. ಕೊಡ್ಲಾ?" ಎಂದು ಕೇಳಿದರು.

"ತಡೀರಿ, ನೋಡೋಣ" ಎಂದೆವು. ಎಲ್ಲರೂ ಸುತ್ತ ಕೂತೆವು.

ಮೊದಲು ಒಂದು ಮಾತು. ಗಟ್ಟಿ ಬೆಳ್ಳಿ ಒಳಗೂ ಹೊರಗೂ ಬೆಳ್ಳಿಯೇ. ಬೆಳ್ಳಿ ನೀರು ಹಾಕಿದ್ದು ಹಾಗಲ್ಲ. ಒಳಗೆ ತಾಮ್ರವೋ ಹಿತ್ತಾಳೆಯೋ ಇರುತ್ತದೆ. ಅದನ್ನು ಬೆಳ್ಳಿ ಕರಗಿರುವ ನೀರಿನಲ್ಲಿ ಮುಳುಗಿಸಿ ಕರೆಂಟು ಹರಿಸುತ್ತಾರೆ. ಮೇಲೆ ಬೆಳ್ಳಿಯ ಪದರ ಕೂರುತ್ತದೆ. ಆ ಪದರ ನಮ್ಮ ತಲೆಕೂದಲಿಗಿಂತ ತೆಳು. ತಿಕ್ಕಿ ತಿಕ್ಕಿ ಅದು ಸವೆಯುತ್ತದೆ.

ಎಲ್ಲಿ ಸವೆಯುತ್ತದೆ? ಕೈ ಹಿಡಿಯುವ ಕಡೆ, ಅಂಚಿನಲ್ಲಿ, ನೆಲಕ್ಕೆ ತಾಗುವ ತಳದಲ್ಲಿ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವಾಗ ಉಬ್ಬಿದ ಹೂವಿನ ತುದಿಯೂ ಸವೆಯುತ್ತದೆ. ತಗ್ಗಿನಲ್ಲಿ ಬೆಳ್ಳಿ ಉಳಿದಿರುತ್ತದೆ. ಆದ್ದರಿಂದ ಸಾಮಾನಿನ ನಡುಭಾಗ ನೋಡಿ ಮೋಸ ಹೋಗಬಾರದು. ಬೋರಲು ಹಾಕಿ ತಳ ನೋಡಬೇಕು.

ಅಕ್ಕ ತಟ್ಟೆಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿದರು. ಅಂಚಿನಲ್ಲಿ ಕೆಂಪು ಕಂಡಿತು. ತಳದಲ್ಲೂ ಕೆಂಪು. ಒಳಗಿನ ತಾಮ್ರ ಹೊರಗೆ ಇಣುಕಿತ್ತು. ಹಿತ್ತಾಳೆ ಇದ್ದಿದ್ದರೆ ಹಳದಿ ಕಾಣುತ್ತಿತ್ತು. ತಟ್ಟೆ ಬೆಳ್ಳಿ ನೀರಿನದು.

ಇಲ್ಲಿ ಒಂದು ಎಚ್ಚರ. ಗಟ್ಟಿ ಬೆಳ್ಳಿಯಲ್ಲೂ ಬೆಸುಗೆ ಹಾಕಿದ ಜಾಗ ತುಸು ಹಳದಿಯಾಗಿ ಕಾಣಬಹುದು. ಬೆಸುಗೆಯಲ್ಲಿ ಬೇರೆ ಲೋಹ ಸೇರಿರುತ್ತದೆ. ಬೆಸುಗೆ ನೋಡಿ ತೀರ್ಮಾನ ಮಾಡಬೇಡಿ. ಕಪ್ಪಾಗಿದೆ ಎಂದೂ ತೀರ್ಮಾನ ಮಾಡಬೇಡಿ. ಬೆಳ್ಳಿಯೂ ಕಪ್ಪಾಗುತ್ತದೆ, ಬೆಳ್ಳಿ ನೀರೂ ಕಪ್ಪಾಗುತ್ತದೆ.

ಆಮೇಲೆ ಚಮಚ. ಅದರಲ್ಲಿ ಕೆಂಪು ಇಲ್ಲ, ಹಳದಿ ಇಲ್ಲ. "ಇದು ಬೆಳ್ಳಿನೇ" ಅಂದರು ಒಬ್ಬರು. ಹಿಡಿಯ ಹಿಂದೆ ಸಣ್ಣ ಇಂಗ್ಲಿಷ್ ಅಕ್ಷರ ಒತ್ತಿದ್ದರು. ಅಕ್ಕನಿಗೆ ಇಂಗ್ಲಿಷ್ ಅಕ್ಷರವೂ ಈಗ ಗೊತ್ತು. ಒಂದೊಂದಾಗಿ ಓದಿದರು: "ಇ, ಪಿ, ಎನ್, ಎಸ್."

ಇದರ ಅರ್ಥ, ನಿಕಲ್ ಸಿಲ್ವರ್ ಮೇಲೆ ಕರೆಂಟಿನಿಂದ ಬೆಳ್ಳಿ ಕೂರಿಸಿದ್ದು ಎಂದು. ನಿಕಲ್ ಸಿಲ್ವರ್ ಎಂದರೆ ನಮ್ಮ ಅಂಗಡಿಗಳ ಜರ್ಮನ್ ಸಿಲ್ವರ್. ಹೆಸರಿನಲ್ಲಿ ಸಿಲ್ವರ್ ಇದೆ, ಒಳಗೆ ಬೆಳ್ಳಿ ಇಲ್ಲ. ತಾಮ್ರ, ಸತು, ನಿಕಲ್ ಬೆರೆಸಿದ ಲೋಹ ಅದು. ಅದೂ ಬಿಳಿಯೇ. ಆದ್ದರಿಂದ ಸವೆದರೂ ಬಣ್ಣ ಬೇಗ ಗೊತ್ತಾಗುವುದಿಲ್ಲ. ಇಲ್ಲಿ ಕಣ್ಣು ಸೋತಿತು, ಅಕ್ಷರ ಗೆದ್ದಿತು.

ಕೊನೆಗೆ ಬಟ್ಟಲು. ತಳದ ಅಂಚು ಸವೆದು ನುಣ್ಣಗಾಗಿತ್ತು. ಒಂದು ಕಡೆ ನೆಗ್ಗಿತ್ತು. ಆದರೆ ಸವೆದ ಕಡೆಯೂ ಅದೇ ಬಿಳಿ. ಎಲ್ಲೂ ಬೇರೆ ಬಣ್ಣ ಇಣುಕಲಿಲ್ಲ. ಮುದ್ರೆ ಮಾತ್ರ ಇರಲಿಲ್ಲ.

"ಮುದ್ರೆ ಇಲ್ಲ, ಹಾಗಾದ್ರೆ ಸುಳ್ಳು ಬೆಳ್ಳಿ ಅಲ್ವಾ?" ಎಂದು ಅಕ್ಕ ಕೇಳಿದರು.

ಅಲ್ಲ. ಹಿಂದೆ ಊರ ಅಕ್ಕಸಾಲಿಗರು ಮಾಡಿಕೊಟ್ಟ ಸಾಮಾನಿಗೆ ಎಷ್ಟೋ ಸಲ ಮುದ್ರೆ ಇರುತ್ತಿರಲಿಲ್ಲ. ನಮ್ಮ ದೇಶದಲ್ಲಿ ಬೆಳ್ಳಿಗೆ ಸರ್ಕಾರಿ ಹಾಲ್‌ಮಾರ್ಕ್ ಬಂದಿದ್ದೇ 2005ರಲ್ಲಿ. ಅದರಲ್ಲಿ ತ್ರಿಕೋನದ ಬಿಐಎಸ್ ಗುರುತು ಇರುತ್ತದೆ. ಜೊತೆಗೆ 925ರಂಥ ಸಂಖ್ಯೆ ಇರುತ್ತದೆ. 925 ಎಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ. ಉಳಿದ 75 ಪಾಲು ಹೆಚ್ಚಾಗಿ ತಾಮ್ರ. ಬರೀ ಸಂಖ್ಯೆಯನ್ನು ಯಾರು ಬೇಕಾದರೂ ಒತ್ತಬಹುದು. ಗುರುತೂ ಇದೆಯೇ ನೋಡಿ.

ಆ ಬಟ್ಟಲನ್ನು ಅಕ್ಕ ಪೇಟೆಯ ಅಕ್ಕಸಾಲಿಗರ ಬಳಿ ಒಯ್ದರು. ನಾವೂ ಜೊತೆಗೆ ಹೋದೆವು. ಅವರು ತಳದಲ್ಲಿ ಕಾಣದ ಕಡೆ ಅರದಿಂದ ಸ್ವಲ್ಪ ಉಜ್ಜಿದರು. ಒಳಗೂ ಬಿಳಿ. ಆಮೇಲೆ ಒರೆಗಲ್ಲಿನಲ್ಲಿ ಒರೆದು, ಆಸಿಡ್ ಹಾಕಿ ನೋಡಿದರು. "ಗಟ್ಟಿ ಬೆಳ್ಳಿ ಕಣಮ್ಮ" ಅಂದರು. ತೂಕ 110 ಗ್ರಾಂ. ಬಟ್ಟಲು ಸ್ಟೀಲ್ ಕೊಡಕ್ಕೆ ಹೋಗುವುದು ತಪ್ಪಿತು.

ಅಕ್ಕಂದಿರೇ, ಅಯಸ್ಕಾಂತ ಅಂಟಲಿಲ್ಲ, ಆದ್ದರಿಂದ ಬೆಳ್ಳಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಾಮ್ರಕ್ಕೂ ಹಿತ್ತಾಳೆಗೂ ಅದು ಅಂಟುವುದಿಲ್ಲ. ಹೊಸದು ಕೊಳ್ಳುವಾಗ ಚೀಟಿ ಕೇಳಿ, ಓದಿ. ಅದರಲ್ಲಿ "ಬೆಳ್ಳಿ" ಎಂದು ಬರೆದಿದ್ದಾರೋ, "ಜರ್ಮನ್ ಸಿಲ್ವರ್" ಎಂದು ಬರೆದಿದ್ದಾರೋ ನೋಡಿ. ತೂಕವೂ ಸಂಖ್ಯೆಯೂ ಚೀಟಿಯಲ್ಲಿರಲಿ.

ಇವತ್ತು ಮನೆಗೆ ಹೋಗಿ ಕುಂಕುಮದ ಭರಣಿ ಬೋರಲು ಹಾಕಿ. ತಳದಲ್ಲಿ ಏನು ಕಂಡಿತು, ಏನು ಬರೆದಿದೆ, ನಾಳೆ ಬರೆದುಕೊಂಡು ಬನ್ನಿ.