ಸೊನ್ನೆಯಿಂದ ಶುರುವಾಗುವ ಸ್ಕೇಲು

(ನಮ್ಮ ವಾರ್ಷಿಕ ಸಹಾಯಾರ್ಥ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಊಟಕ್ಕೆ ಮುಂಚೆ ಹದಿನೈದು ನಿಮಿಷ ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ಬಿಸಿಬೇಳೆಬಾತಿನ ವಾಸನೆ ಇಲ್ಲಿಯವರೆಗೂ ಬರುತ್ತಿರುವುದರಿಂದ ಸುತ್ತಿ ಬಳಸಿ ಹೇಳುವುದಿಲ್ಲ. ನಾನು ಒಂದು ತಪ್ಪು ಚಿತ್ರ ಬರೆದಿದ್ದೆ. ಅದನ್ನು ಹೇಗೆ ತಿದ್ದಿದೆ ಎಂಬುದೇ ಇವತ್ತಿನ ವಿಷಯ.

2023ರ ನಮ್ಮ ಸ್ಮರಣ ಸಂಚಿಕೆ ಮನೆಯಲ್ಲಿದ್ದರೆ ತೆಗೆದು ನೋಡಿ. ಕರ್ನಾಟಕದ ಮಕ್ಕಳ ಪೌಷ್ಟಿಕತೆಗೆ ಹಣ ಕೇಳುವ ಪುಟದಲ್ಲಿ ಎರಡು ಕಂಬಗಳ ಒಂದು ಚಿತ್ರ ಇದೆ. ಅದು ನನ್ನದೇ ಕೈವಾಡ. ಅಂಕಿಗಳು ಭಾರತ ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವು. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು ಎಷ್ಟು ಎಂಬ ಪ್ರಶ್ನೆಗೆ, ಕರ್ನಾಟಕದಲ್ಲಿ 2015-16ರ ನಾಲ್ಕನೇ ಸಮೀಕ್ಷೆ ಶೇಕಡಾ 36.2 ಎಂದಿತ್ತು, 2019ರಲ್ಲಿ ನಡೆದ ಐದನೇ ಸಮೀಕ್ಷೆ ಶೇಕಡಾ 35.4 ಎಂದಿತು. ಈ ಎರಡು ಅಂಕಿಗಳನ್ನು ಎಕ್ಸೆಲ್‌ಗೆ ಕೊಟ್ಟೆ, ಅದು ಎರಡು ಕಂಬ ಬರೆದುಕೊಟ್ಟಿತು, ಬಣ್ಣ ಬಳಿದು ಅಚ್ಚಿಗೆ ಕಳಿಸಿದೆ. ಕೆಲಸವೆಲ್ಲ ಅರ್ಧ ಗಂಟೆ.

ಆ ವರ್ಷ ಮಗಳ ಮನೆಗೆ ಊರಿನಿಂದ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು ಬಂದಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಸಂಚಿಕೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಮೊಮ್ಮಗನ ಪೆನ್ಸಿಲ್ ಡಬ್ಬಿಯಿಂದ ತಂದ ಸ್ಕೇಲು ಕೈಯಲ್ಲಿತ್ತು.

"ಅಲ್ಲ ಕಣಪ್ಪಾ, ಮೊದಲನೇ ಕಂಬ ಆರು ಸೆಂಟಿಮೀಟರ್ ಇದೆ, ಎರಡನೇದು ಎರಡೇ ಸೆಂಟಿಮೀಟರ್. ಮೂರರಲ್ಲಿ ಎರಡು ಪಾಲು ಮಕ್ಕಳು ಸುಧಾರಿಸಿಬಿಟ್ಟರು ಅಂತ ತಾನೇ ಇದರ ಅರ್ಥ? ಹಾಗಾದರೆ ಇನ್ನು ನಮ್ಮ ದುಡ್ಡು ಯಾಕೆ ಬೇಕು?"

"ಇಲ್ಲ ಸರ್, ಅಂಕಿ ಮೇಲೇ ಬರೆದಿದ್ದೀನಲ್ಲ, 36.2, 35.4," ಎಂದೆ.

"ಅಂಕಿ ಒಂದು ಹೇಳ್ತಿದೆ, ಕಂಬ ಇನ್ನೊಂದು ಹೇಳ್ತಿದೆ. ನಾನು ಯಾವುದನ್ನು ನಂಬಲಿ?" ಎಂದರು.

ಮನೆಗೆ ಬಂದು ಕಡತ ತೆರೆದು ನೋಡಿದಾಗ ಕಾರಣ ಸಿಕ್ಕಿತು. ನಾವು ಏನೂ ಹೇಳದಿದ್ದರೆ ಅಕ್ಷ ಎಲ್ಲಿಂದ ಶುರುವಾಗಬೇಕು ಎಂದು ಎಕ್ಸೆಲ್ ತಾನೇ ತೀರ್ಮಾನ ಮಾಡುತ್ತದೆ. ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕ ಅಂಕಿಗೂ ಇರುವ ಅಂತರ ದೊಡ್ಡ ಅಂಕಿಯ ಆರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಅದು ಸೊನ್ನೆಯನ್ನು ಕೈಬಿಟ್ಟು, ಅಂಕಿಗಳ ಹತ್ತಿರದಿಂದಲೇ ಅಕ್ಷವನ್ನು ಶುರು ಮಾಡಿಬಿಡುತ್ತದೆ. ನನ್ನ ಚಿತ್ರದಲ್ಲಿ ಅದು 35ರಿಂದ ಶುರುವಾಗಿತ್ತು. ಹಾಗಾಗಿ 36.2ರ ಕಂಬದಲ್ಲಿ ಕಣ್ಣಿಗೆ ಕಂಡದ್ದು ಮೇಲಿನ 1.2 ಭಾಗ ಮಾತ್ರ; 35.4ರ ಕಂಬದಲ್ಲಿ 0.4 ಭಾಗ. ಒಂದಕ್ಕೆ ಮೂರು ಪಟ್ಟು ಇನ್ನೊಂದು! ಕಂಬಗಳ ಬುಡ ಪುಟದಿಂದ ಬಹಳ ಕೆಳಗೆ, ನೆಲದೊಳಗೆ ಹೂತುಹೋಗಿದ್ದವು ಎನ್ನಬಹುದು.

ಎಡ್ವರ್ಡ್ ಟಫ್ಟಿ ಎಂಬ ಅಮೆರಿಕದ ವಿದ್ವಾಂಸರು 1983ರ ತಮ್ಮ ಪುಸ್ತಕದಲ್ಲಿ ಇಂಥದ್ದನ್ನು ಅಳೆಯಲು ಒಂದು ಸುಲಭ ಲೆಕ್ಕ ಕೊಟ್ಟಿದ್ದಾರೆ. ಅದನ್ನು 'ಸುಳ್ಳಿನ ಅಳತೆ' ಎಂದು ಕರೆಯೋಣ. ಚಿತ್ರದಲ್ಲಿ ಕಾಣುವ ಬದಲಾವಣೆಯನ್ನು ಅಂಕಿಯಲ್ಲಿರುವ ಬದಲಾವಣೆಯಿಂದ ಭಾಗಿಸಬೇಕು. ಉತ್ತರ ಒಂದರ ಹತ್ತಿರ ಬಂದರೆ ಚಿತ್ರ ಸರಿಯಾಗಿದೆ. ನನ್ನ ಚಿತ್ರದಲ್ಲಿ ಕಂಬ ಶೇಕಡಾ 67ರಷ್ಟು ಕುಗ್ಗಿತ್ತು. ನಿಜವಾದ ಅಂಕಿ ಕುಗ್ಗಿದ್ದು 36.2ರಲ್ಲಿ 0.8, ಅಂದರೆ ಶೇಕಡಾ 2.2. ಭಾಗಿಸಿದರೆ 30! ಸುಳ್ಳು ಹೇಳಬೇಕೆಂದು ನಾನು ಹೊರಟಿರಲಿಲ್ಲ. ಆದರೂ ಮೂವತ್ತು ಪಟ್ಟು ಸುಳ್ಳು ಅಚ್ಚಾಯಿತು.

ತಿದ್ದುವುದು ಅರ್ಧ ನಿಮಿಷದ ಕೆಲಸ. ಅಕ್ಷದ ಮೇಲೆ ಬಲ ಗುಂಡಿ ಒತ್ತಿ `Format Axis` ಆರಿಸಿ, `Minimum` ಎಂಬಲ್ಲಿ `0` ಬರೆದರೆ ಆಯಿತು. ಕಂಬದ ಚಿತ್ರದಲ್ಲಿ ನಮ್ಮ ಕಣ್ಣು ಉದ್ದವನ್ನು ಅಳೆಯುತ್ತದೆ, ಉದ್ದಕ್ಕೆ ಬುಡ ಬೇಕೇ ಬೇಕು. ಇದು ಎಲ್ಲ ಚಿತ್ರಕ್ಕೂ ಹಾಕುವ ನಿಯಮ ಅಲ್ಲ. ಮಗುವಿಗೆ ಜ್ವರ ಬಂದಾಗ ಗಂಟೆಗೊಮ್ಮೆ ಬರೆದಿಟ್ಟ ತಾಪಮಾನವನ್ನು ಗೆರೆಯಾಗಿ ಎಳೆಯುವಾಗ ಸೊನ್ನೆಯಿಂದ ಶುರು ಮಾಡಿದರೆ 98.6ಕ್ಕೂ 103ಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ, ಡಾಕ್ಟರು ಬೈಯುತ್ತಾರೆ. ಗೆರೆಯಲ್ಲಿ ನಾವು ನೋಡುವುದು ಏರಿಳಿತವನ್ನು, ಆದ್ದರಿಂದ ಅಲ್ಲಿ ಅಕ್ಷವನ್ನು ಕತ್ತರಿಸಬಹುದು. ಕತ್ತರಿಸಿದ್ದು ಓದುಗರಿಗೆ ಗೊತ್ತಾಗುವಂತಿರಬೇಕು, ಅಷ್ಟೇ.

ಸೊನ್ನೆಯಿಂದ ಬರೆದ ಮೇಲೆ ಬೇರೆ ತೊಂದರೆ ಶುರುವಾಯಿತು. ಎರಡು ಕಂಬಗಳೂ ಒಂದೇ ಎತ್ತರ! "ಇವರೇ, ಇಷ್ಟು ಸಪ್ಪೆ ಚಿತ್ರ ನೋಡಿ ಯಾರು ಚೆಕ್ ಬರೀತಾರೆ?" ಎಂದು ಸಮಿತಿಯಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಆ 0.8 ನಿಜಕ್ಕೂ ಸಪ್ಪೆ. ಸಮೀಕ್ಷೆ ಎಂದರೆ ರಾಜ್ಯದ ಎಲ್ಲ ಮಕ್ಕಳನ್ನೂ ಅಳೆದದ್ದಲ್ಲ. ಅನ್ನ ಬೆಂದಿದೆಯೇ ಎಂದು ಒಂದೆರಡು ಅಗುಳು ಹಿಸುಕಿ ನೋಡಿದ ಹಾಗೆ. ಉದಾಹರಣೆಗೆ, 5,000 ಮಕ್ಕಳನ್ನು ಚೀಟಿ ಎತ್ತಿ ಆರಿಸಿ ಅಳೆದರೆ, 36ರ ಆಸುಪಾಸಿನ ಉತ್ತರ ಸುಮಾರು 1.3ರಷ್ಟು ಮೇಲೆ ಕೆಳಗೆ ಇರಬಹುದು. ಅಂಥ ಎರಡು ಸಮೀಕ್ಷೆಗಳನ್ನು ಹೋಲಿಸುವಾಗ ಈ ಅನುಮಾನ ಹತ್ತಿರ ಹತ್ತಿರ 2ಕ್ಕೆ ಹೋಗುತ್ತದೆ. ಈ ಸಮೀಕ್ಷೆಯಲ್ಲಂತೂ ಒಂದು ಊರನ್ನೋ ಬಡಾವಣೆಯ ಭಾಗವನ್ನೋ ಆರಿಸಿ, ಅಲ್ಲಿ 22 ಮನೆಗಳಿಗೆ ಹೋಗುತ್ತಾರೆ. ಒಂದೇ ಊರಿನ ಮಕ್ಕಳು ಊಟದಲ್ಲಿ, ನೀರಿನಲ್ಲಿ ಒಬ್ಬರಿಗೊಬ್ಬರು ಹೋಲುವುದರಿಂದ ಅನುಮಾನ ಇನ್ನೂ ಸ್ವಲ್ಪ ಹೆಚ್ಚು. ಹೀಗಿರುವಾಗ 0.8ರ ಇಳಿಕೆಯನ್ನು 'ಹೆಚ್ಚು ಕಡಿಮೆ ಅಲ್ಲೇ ಇದೆ' ಎಂದು ಓದುವುದೇ ಸರಿ. ಒಂದೇ ಎತ್ತರದ ಕಂಬಗಳು ಅದನ್ನೇ ಹೇಳುತ್ತಿದ್ದವು.

ನಾನು ಆರಿಸಿದ ಅಂಕಿಯೇ ತಪ್ಪು ಎಂದು ಆಗ ಹೊಳೆಯಿತು. ಅದೇ ವರದಿಯಲ್ಲಿ ಪಕ್ಕದಲ್ಲೇ ಇನ್ನೂ ಮೂರು ಸಾಲುಗಳಿದ್ದವು. ಎತ್ತರಕ್ಕೆ ತಕ್ಕ ತೂಕ ಇಲ್ಲದ ಮಕ್ಕಳು ಶೇಕಡಾ 26.1ರಿಂದ 19.5ಕ್ಕೆ ಇಳಿದಿದ್ದರು; ಇದು ಒಳ್ಳೆಯ ಸುದ್ದಿ. ವಯಸ್ಸಿಗೆ ತಕ್ಕ ತೂಕ ಇಲ್ಲದವರು 35.2ರಿಂದ 32.9ಕ್ಕೆ. ಆದರೆ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ 60.9ರಿಂದ 65.5ಕ್ಕೆ ಏರಿತ್ತು. ಮೂರು ಮಕ್ಕಳಲ್ಲಿ ಹತ್ತಿರ ಹತ್ತಿರ ಇಬ್ಬರಿಗೆ! "ಅದು ಕೊರೊನಾದಿಂದ ಆಗಿರಬೇಕು" ಎಂದು ಒಬ್ಬರು ಹೇಳಿದರು. ಹಾಗಲ್ಲ. ಕರ್ನಾಟಕದಲ್ಲಿ ಐದನೇ ಸಮೀಕ್ಷೆಯವರು ಮನೆಮನೆಗೆ ಹೋಗಿದ್ದು 2019ರ ದ್ವಿತೀಯಾರ್ಧದಲ್ಲಿ, ಕೊರೊನಾ ಬರುವ ಮುಂಚೆಯೇ. ಅದಕ್ಕೇ ಚಿತ್ರದ ಕೆಳಗೆ ಯಾವ ಮಕ್ಕಳು, ಯಾವ ವರ್ಷ ಎಂದು ಬರೆದಿರಬೇಕು.

ಈಗ ನಾಲ್ಕು ವಿಷಯ, ಎರಡು ಸಮೀಕ್ಷೆ, ಒಟ್ಟು ಎಂಟು ಕಂಬ. ಕಂಬಗಳನ್ನು ನಿಲ್ಲಿಸುವ ಬದಲು ಮಲಗಿಸಿದೆ, ಏಕೆಂದರೆ 'ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು' ಎಂಬ ಹೆಸರು ನಿಂತ ಕಂಬದ ಬುಡದಲ್ಲಿ ಹಿಡಿಸುವುದಿಲ್ಲ. ಓರೆ ಮಾಡಿ ಬರೆದರೆ ನಮ್ಮ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು ಓದಲಾಗುವುದಿಲ್ಲ. ಸ್ಕೇಲು ಒಂದೇ: ಶೇಕಡಾ ಒಂದಕ್ಕೆ ಒಂದು ಮಿಲಿಮೀಟರ್, ನಾಲ್ಕೂ ವಿಷಯಕ್ಕೆ. ಕಂಬದ ಬದಲು ರಕ್ತದ ಹನಿ ಬರೆದರೆ ಚೆನ್ನ ಎಂದು ಒಬ್ಬ ಅಕ್ಕ ಸೂಚಿಸಿದರು. ಬರೆದು ನೋಡಿದೆ. ಹನಿಯನ್ನು ಎತ್ತರದಲ್ಲಿ ಶೇಕಡಾ 7.5 ಹಿಗ್ಗಿಸಿದರೆ ಅಗಲವೂ ಅಷ್ಟೇ ಹಿಗ್ಗುತ್ತದೆ, ಒಟ್ಟು ವಿಸ್ತೀರ್ಣ ಶೇಕಡಾ 16ರಷ್ಟು ದೊಡ್ಡದಾಗುತ್ತದೆ. ಏರಿಕೆ ಎರಡು ಪಟ್ಟಿಗಿಂತ ಹೆಚ್ಚು ಕಂಡುಬಿಡುತ್ತದೆ. ಹನಿ ಹೆಸರಿನ ಪಕ್ಕದ ಚಿಕ್ಕ ಗುರುತಾಗಿ ಉಳಿಯಿತು.

ಇನ್ನು ಬಣ್ಣ. ಕನ್ನಡಿಗರಾದ ನಮಗೆ ಮೊದಲು ಹೊಳೆಯುವುದು ಹಳದಿ ಕೆಂಪು ತಾನೇ? ಬಿಳಿ ಕಾಗದದ ಮೇಲೆ ಹಳದಿ ಕಂಬ ಕಾಣಿಸಲೇ ಇಲ್ಲ. ಆಮೇಲೆ ಇಳಿದದ್ದಕ್ಕೆ ಹಸಿರು, ಏರಿದ್ದಕ್ಕೆ ಕೆಂಪು ಹಾಕಿದೆ. ನಮ್ಮ ಖಜಾಂಚಿಗಳು ನೋಡಿ, "ಎಲ್ಲ ಒಂದೇ ಬಣ್ಣ ಇದೆಯಲ್ಲ?" ಎಂದರು. ಅವರಿಗೆ ಕೆಂಪು ಹಸಿರು ಬೇರೆಯಾಗಿ ಕಾಣುವುದಿಲ್ಲ ಎಂದು ನಮಗೆಲ್ಲ ಗೊತ್ತಾಗಿದ್ದು ಆವತ್ತೇ! ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಹೀಗಿರುತ್ತದೆ. ಇಂಥ ಒಂದು ಸಭಾಂಗಣದಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

ಕೊನೆಗೆ ಒಂದೇ ಬಣ್ಣ ಇಟ್ಟುಕೊಂಡೆ. ಹಳೆಯ ಸಮೀಕ್ಷೆಯ ಕಂಬಗಳಿಗೆ ಬರೀ ಅಂಚಿನ ಗೆರೆ, ಒಳಗೆ ಖಾಲಿ. ಹೊಸದಕ್ಕೆ ಬೂದು ಬಣ್ಣ. ರಕ್ತಹೀನತೆಯ ಹೊಸ ಕಂಬಕ್ಕೆ ಮಾತ್ರ ಕಿತ್ತಳೆ ಬೆರೆತ ಕೆಂಪು, `#D55E00`. ಎಲ್ಲರ ಕಣ್ಣಿಗೂ ಬೇರೆಯಾಗಿ ಕಾಣಲೆಂದು ಜಪಾನಿನ ಒಕಾಬೆ ಮತ್ತು ಇಟೊ ಎಂಬ ವಿಜ್ಞಾನಿಗಳು ಆರಿಸಿಕೊಟ್ಟ ಬಣ್ಣಗಳಲ್ಲಿ ಅದೂ ಒಂದು. ಎಲ್ಲ ಸರಿಹೋಯಿತು ಎಂದುಕೊಂಡು ಕಪ್ಪು ಬಿಳುಪಿನಲ್ಲಿ ಒಂದು ಜೆರಾಕ್ಸ್ ತೆಗೆದೆ, ಏಕೆಂದರೆ ಊರಿನ ಶಾಲೆಗಳಿಗೆ ಹೋಗುವುದು ಜೆರಾಕ್ಸ್ ಪ್ರತಿಯೇ. ಕೆಂಪು ಕಂಬ ಮಾಯ! ಆ ಕೆಂಪಿನ ಹೊಳಪೂ ನಾನು ಹಾಕಿದ್ದ ಬೂದು `#8C8C8C` ಹೊಳಪೂ ಹೆಚ್ಚು ಕಡಿಮೆ ಒಂದೇ, ಬಣ್ಣ ತೆಗೆದರೆ ಎರಡೂ ಒಂದೇ ಬೂದು. ಬೂದನ್ನು `#BDBDBD`ಗೆ ತಿಳಿ ಮಾಡಿದ ಮೇಲೆ ಜೆರಾಕ್ಸಿನಲ್ಲೂ ಆ ಒಂದು ಕಂಬ ಕಡುವಾಗಿ ಎದ್ದು ಕಂಡಿತು. ಪ್ರತಿ ಕಂಬದ ತುದಿಯಲ್ಲಿ ಅಂಕಿ ಬರೆದು, ಹಿಂದಿನ ಚೌಕಳಿ ಗೆರೆಗಳನ್ನೆಲ್ಲ ಅಳಿಸಿದೆ.

ಸಮಿತಿಯವರು ಆ ಚಿತ್ರವನ್ನು ಎದುರಿಗಿಟ್ಟುಕೊಂಡು ಒಂದು ಗಂಟೆ ಮಾತಾಡಿದರು. ನಮ್ಮ ಹಣವೆಲ್ಲ ಅಲ್ಲಿಯವರೆಗೆ ಅಕ್ಕಿ ಬೇಳೆಗೆ ಹೋಗುತ್ತಿತ್ತು. ಹೊಟ್ಟೆ ತುಂಬಿಸುವ ಊಟದಲ್ಲಿ ಕಬ್ಬಿಣದ ಅಂಶ ಎಷ್ಟಿದೆ ಎಂದು ಯಾರೂ ಕೇಳಿರಲಿಲ್ಲ. ಈ ವರ್ಷದ ಬೇಡಿಕೆ ಪತ್ರದಲ್ಲಿ ಸೊಪ್ಪು, ಕಾಳು, ಮೊಟ್ಟೆ ಮತ್ತು ಜಂತುಹುಳುವಿನ ಮಾತ್ರೆ ಎಂದು ಬೇರೆ ಸಾಲು ಸೇರಿದ್ದು ಹಾಗೆ. ಇದರಿಂದ ಆ ಕೆಂಪು ಕಂಬ ಗಿಡ್ಡವಾಗುತ್ತದೆ ಎಂದು ನಾನು ಹೇಳಲಾರೆ. ನಾವು ನೋಡಿಕೊಳ್ಳುವುದು ಕೆಲವೇ ಶಾಲೆ, ಅಂಗನವಾಡಿಗಳನ್ನು, ಆ ಕಂಬ ಇಡೀ ರಾಜ್ಯದ್ದು.

ಹೊಸ ಚಿತ್ರ ಇದೇ ಸಂಚಿಕೆಯಲ್ಲಿದೆ. ರಕ್ತಹೀನತೆಯ ಕಂಬ 65.5 ಮಿಲಿಮೀಟರ್ ಇರಬೇಕು, ಅಳೆದು ನೋಡಿ. ಮೇಷ್ಟ್ರು ಈಗ ಊರಿಗೆ ಹೋಗಿದ್ದಾರೆ. ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ, ಜೊತೆಗೆ ಒಂದು ಸ್ಕೇಲು ಇಟ್ಟು. ಉತ್ತರ ಇನ್ನೂ ಬಂದಿಲ್ಲ.