ಕರ್ತೃ ಎಲ್ಲಿ? ಜರ್ಮನ್ ಕಚೇರಿ ಭಾಷೆಯ ನಾಮಪದಗಳು



ಜರ್ಮನ್ ಭಾಷೆಯನ್ನು ಕಲಿಸುವುದಕ್ಕೇ ಬದುಕನ್ನು ಮುಡಿಪಿಟ್ಟ ಗುರುಗಳ ಹೆಸರಿನ ಈ ಉಪನ್ಯಾಸಕ್ಕೆ ನನ್ನನ್ನು ಕರೆದದ್ದು ದೊಡ್ಡ ಗೌರವ. ವಾಕ್ಯ ಎಷ್ಟೇ ಉದ್ದವಿರಲಿ, ಮೊದಲು ಅದರ ಕರ್ತೃವನ್ನು ಹುಡುಕಬೇಕು ಎಂಬುದು ಅವರ ಪಾಠಕ್ರಮ. ಇಂದಿನ ನನ್ನ ವಾದಕ್ಕೂ ಅದೇ ಬುನಾದಿ.

ವ್ಯಾಕರಣದ ಮೂಲಾಂಶಗಳು ಪಠ್ಯಪುಸ್ತಕಗಳಲ್ಲಿ ಸಿಗುತ್ತವೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಕ್ರಿಯಾಧಾತುವಿಗೆ ನೇರವಾಗಿ ಹತ್ತುವ ಪ್ರತ್ಯಯ 'ಉಂಗ್'. 'ಪ್ರ್ಯೂಫೆನ್' ಎಂದರೆ ಪರಿಶೀಲಿಸು, 'ಪ್ರ್ಯೂಫುಂಗ್' ಎಂದರೆ ಪರಿಶೀಲನೆ. 'ಹೈಟ್' ಮತ್ತು 'ಕೈಟ್' ಮುಖ್ಯವಾಗಿ ಗುಣವಾಚಕಗಳಿಗೆ ಸೇರುತ್ತವೆ. ಕ್ರಿಯಾಪದ ಅಲ್ಲಿಗೆ ಹೋಗಬೇಕಾದರೆ ನಡುವೆ ಒಂದು ಮೆಟ್ಟಿಲು ಬೇಕು: 'ನಾಖ್‌ವೈಸೆನ್' (ರುಜುವಾತುಪಡಿಸು) ಮೊದಲು 'ನಾಖ್‌ವೈಸ್‌ಬಾರ್' (ರುಜುವಾತುಪಡಿಸಬಹುದಾದ) ಆಗಿ, ಆಮೇಲೆ 'ನಾಖ್‌ವೈಸ್‌ಬಾರ್‌ಕೈಟ್' ಆಗುತ್ತದೆ. ಇಷ್ಟು ಸಾಕು.

ವಿವಾದವಿರುವುದು ಕಚೇರಿ ಭಾಷೆಯಲ್ಲಿ ಇಂಥ ನಾಮಪದಗಳನ್ನು ಒತ್ತೊತ್ತಾಗಿ ಬಳಸುವುದರಲ್ಲಿ. 1940ರ ದಶಕದ ತಮ್ಮ ಶೈಲಿಗ್ರಂಥದಲ್ಲಿ ಲುಡ್ವಿಗ್ ರೈನರ್ಸ್ ನಾಮಪದಗಳ ಈ ದಟ್ಟಣೆಯನ್ನು ದೋಷವೆಂದು ಬಗೆದು ಕ್ರಿಯಾಪದಕ್ಕೆ ಮರಳಿ ಎಂದರು. 1963ರಲ್ಲಿ ಪೀಟರ್ ಫೊನ್ ಪೋಲೆನ್ಸ್ ಇನ್ನೊಂದು ಮುಖ ತೋರಿಸಿದರು. 'ಅಬ್‌ಶ್ಲೀಸೆನ್' ಎಂದರೆ ಮುಗಿಸು. 'ತ್ಸುಮ್ ಅಬ್‌ಶ್ಲುಸ್ ಬ್ರಿಂಗೆನ್' ಎಂದರೆ ಮುಕ್ತಾಯಕ್ಕೆ ತರು. ಎರಡನೆಯದು ಕೆಲಸವನ್ನು ಕೊನೆಯ ಹಂತಕ್ಕೆ ಒಯ್ಯುವ ಅರ್ಥವನ್ನು ಎತ್ತಿ ಹಿಡಿಯುತ್ತದೆ. ಅಂಥ ಪದಗುಚ್ಛಗಳಿಗೆ ತಮ್ಮದೇ ಕೆಲಸವಿದೆ ಎಂಬ ಪೋಲೆನ್ಸ್ ಅವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಇಬ್ಬರ ವಾದವೂ ಕಚೇರಿಯ ಪತ್ರ ಹಿಡಿದು ಕುಳಿತ ಅರ್ಜಿದಾರನ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಆತನಿಗೆ ಬೇಕಾದದ್ದು: ಯಾರು, ಏನು, ಯಾವಾಗ ಮಾಡುತ್ತಾರೆ?

ಒಂದು ಮಾದರಿ ವಾಕ್ಯ ನೋಡೋಣ: 'ನಾಖ್ ಪ್ರ್ಯೂಫುಂಗ್ ಡೆರ್ ಉಂಟರ್‌ಲಾಗೆನ್ ಎರ್‌ಫೋಲ್ಗ್ಟ್ ಡೀ ಬೆವಿಲ್ಲಿಗುಂಗ್'. ದಾಖಲೆಗಳ ಪರಿಶೀಲನೆಯ ಬಳಿಕ ಮಂಜೂರಾತಿ ಆಗುತ್ತದೆ ಎಂದರ್ಥ. ವ್ಯಾಕರಣ ಸರಿಯಾಗಿದೆ. ಕೆಲಸದ ಭಾರವೆಲ್ಲ ಎರಡು ಉಂಗ್-ನಾಮಗಳ ಮೇಲಿದೆ. ಉಳಿದ ಕ್ರಿಯಾಪದ 'ಎರ್‌ಫೋಲ್ಗ್ಟ್' ಏನೋ ನಡೆಯುತ್ತದೆ ಎಂದಷ್ಟೇ ಹೇಳುತ್ತದೆ. ಪರಿಶೀಲಿಸುವವರು ಯಾರೆಂದಿಲ್ಲ. ಪರಿಶೀಲನೆ ಕಡ್ಡಾಯವೋ ಐಚ್ಛಿಕವೋ ಎಂಬುದೂ ಇಲ್ಲ, ಏಕೆಂದರೆ 'ಬೇಕು', 'ಬಹುದು' ಎಂಬ ಅರ್ಥ ಹೊರುವ ಕ್ರಿಯಾರೂಪವೇ ಹೋಗಿದೆ.

ರೈನರ್ಸ್ ಅವರ ಸಲಹೆಯಂತೆ ಕ್ರಿಯಾಪದವನ್ನು ಮರಳಿಸೋಣ: 'ದಾಖಲೆಗಳನ್ನು ಪರಿಶೀಲಿಸಲಾಗುತ್ತದೆ, ಬಳಿಕ ಮಂಜೂರು ಮಾಡಲಾಗುತ್ತದೆ.' ಎರಡು ಕ್ರಿಯಾಪದ ಬಂದವು, ಕರ್ತೃ ಮಾತ್ರ ಬರಲಿಲ್ಲ. ಕರ್ಮಣಿ ಪ್ರಯೋಗವೂ ಅವನನ್ನು ಅಷ್ಟೇ ಚೆನ್ನಾಗಿ ಮರೆಮಾಡುತ್ತದೆ. ಕ್ರಿಯಾಪದಗಳನ್ನು ಎಣಿಸಿ ಶೈಲಿಯನ್ನು ಅಳೆಯುವವರ ವಾದ ಇಲ್ಲೇ ಕುಸಿಯುತ್ತದೆ. 'ನಿಮ್ಮ ದಾಖಲೆಗಳನ್ನು ನಾವು ಪರಿಶೀಲಿಸುತ್ತೇವೆ' ಎಂದಾಗಲೇ ಹೊಣೆಗಾರರು ಎದುರು ಬರುತ್ತಾರೆ.

ಇನ್ನೊಂದು ತೊಡಕು ಷಷ್ಠಿ ವಿಭಕ್ತಿಯದು. 'ಡೀ ಪ್ರ್ಯೂಫುಂಗ್ ಡೆರ್ ಬೆಹ್ಯೋರ್ಡೆ' ಎಂದರೆ ಪ್ರಾಧಿಕಾರ ನಡೆಸುವ ಪರಿಶೀಲನೆಯೂ ಆಗಬಹುದು, ಪ್ರಾಧಿಕಾರದ ಮೇಲೆಯೇ ನಡೆಯುವ ಪರಿಶೀಲನೆಯೂ ಆಗಬಹುದು. 'ಡುರ್ಖ್' ಎಂಬ ಪದ ಸೇರಿಸಿ ಪರಿಶೀಲಿಸುವವರನ್ನು ಹೆಸರಿಸಿದರೆ ಸಂದೇಹ ಹೋಗುತ್ತದೆ. ಕಚೇರಿ ಪತ್ರ ಓದುವಾಗ ಪ್ರತಿ ಉಂಗ್ ಎದುರೂ 'ಮಾಡುವವರು ಯಾರು, ಯಾರ ಮೇಲೆ?' ಎಂಬ ಪ್ರಶ್ನೆ ಹಾಕಬೇಕು.

ಹಾಗೆಂದು ಎಲ್ಲ ನಾಮಪದಗಳನ್ನೂ ಬಿಚ್ಚಿಬಿಡಿ ಎನ್ನುವವರ ಜೊತೆ ನಾನಿಲ್ಲ. 'ಗೆನೇಮಿಗುಂಗ್' ಪದವನ್ನೇ ನೋಡಿ. ಅದು ಮೂರು ತಿಂಗಳು ಹಿಡಿಯಿತು ಎಂದರೆ ಅನುಮತಿ ನೀಡುವ ಪ್ರಕ್ರಿಯೆ; ಮೂರು ವರ್ಷ ಊರ್ಜಿತ ಎಂದರೆ ಕಾನೂನಿನ ಸ್ಥಿತಿ; ಪತ್ರಕ್ಕೆ ಲಗತ್ತಿಸಿದೆ ಎಂದರೆ ಕಾಗದ. ಇವುಗಳಲ್ಲಿ ಕ್ರಿಯಾಪದವಾಗಿ ಸುಲಭವಾಗಿ ಬಿಚ್ಚಿಕೊಳ್ಳುವುದು ಮೊದಲನೆಯದು ಮಾತ್ರ. 'ಆನ್‌ಹ್ಯೋರುಂಗ್' ಇನ್ನೂ ಗಟ್ಟಿ ಉದಾಹರಣೆ. ನಾಗರಿಕನ ಹಕ್ಕಿಗೆ ಕೈಹಾಕುವ ಆದೇಶಕ್ಕೆ ಮುನ್ನ ಅವನ ಅಹವಾಲಿಗೆ ಅವಕಾಶ ಕೊಡಬೇಕೆಂಬುದು 1976ರ ಜರ್ಮನ್ ಆಡಳಿತ ಕಾರ್ಯವಿಧಾನ ಕಾಯಿದೆಯ 28ನೇ ವಿಧಿಯ ನಿಯಮ, ಅಪವಾದಗಳೂ ಉಂಟು. ಆ ಹಂತಕ್ಕೊಂದು ಹೆಸರಿದ್ದರೆ ಮೇಲ್ಮನವಿಯಲ್ಲಿ 'ಇದು ನಡೆದಿಲ್ಲ' ಎಂದು ಬೆರಳಿಟ್ಟು ತೋರಿಸುವುದು ಸುಲಭ. ಇಲ್ಲಿ ನಾಮಪದವೇ ನಾಗರಿಕನ ಆಸರೆ.

ಆದ್ದರಿಂದ ನನ್ನ ನಿಲುವು ಇಷ್ಟು: ಕಾನೂನು ಗುರುತಿಸಿದ ಹಂತ, ಸ್ಥಿತಿ ಅಥವಾ ದಾಖಲೆಯನ್ನು ಹೆಸರಿಸುವ ನಾಮ ಉಳಿಯಲಿ. ಯಾರೋ ಮಾಡಬೇಕಾದ ಕೆಲಸವನ್ನು ಹೇಳುತ್ತಾ ಆ 'ಯಾರೋ' ಅನ್ನು ಅಳಿಸುವ ನಾಮವನ್ನು ಬಿಚ್ಚಿ, ಕರ್ತೃವನ್ನು ಕೂರಿಸಿ, ಕರ್ತರಿ ಪ್ರಯೋಗದಲ್ಲಿ ಬರೆಯಬೇಕು. ಗುರುಗಳ ಪಾಠಕ್ರಮವೂ ಬೇಡುವುದು ಇದನ್ನೇ. ಜರ್ಮನ್ ಕಲಿಸುವ, ಅನುವಾದಿಸುವ ಗೆಳೆಯರಲ್ಲಿ ನನ್ನ ವಿನಂತಿ: ಉಂಗ್ ಕಂಡಾಗ ಮೊದಲು ಕರ್ತೃವನ್ನು ಹುಡುಕಿ, ಆಮೇಲೆ ಶೈಲಿಯ ತೀರ್ಪು ಕೊಡಿ.